ಎರಡನೇ ಪರದೆ ಮಿಣುಕುತ್ತಿದೆಯೇ? ಮೊದಲು ಕರೆಂಟು ನೋಡಿ

ಆನ್‌ಲೈನಿನಲ್ಲಿ ತರಿಸಿದ ಪೋರ್ಟಬಲ್ ಮಾನಿಟರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೂಡಲೇ ಕಂಪನಿಯ ಲೋಗೋ ಮೂಡುತ್ತದೆ. ಎರಡು ಸೆಕೆಂಡಿಗೆ ಪರದೆ ಕಪ್ಪಾಗುತ್ತದೆ. ಮತ್ತೆ ಲೋಗೋ, ಮತ್ತೆ ಕಪ್ಪು. ಕೆಲವರಿಗೆ ಇಷ್ಟು ತೊಂದರೆ ಆಗುವುದಿಲ್ಲ. ಚಿತ್ರ ನಿಲ್ಲುತ್ತದೆ, ಆದರೆ ಪಕ್ಕದ ಲ್ಯಾಪ್‌ಟಾಪಿನ ಪರದೆಗಿಂತ ಮಂಕಾಗಿರುತ್ತದೆ. ಬ್ರೈಟ್‌ನೆಸ್ ಏರಿಸಲು ಹೋದರೆ ಮಿಣುಕಲು ಶುರು. ಇದನ್ನು ನೋಡಿದವರಿಗೆ ಮೊದಲು ಹೊಳೆಯುವುದು ಒಂದೇ: ಮಾಲು ಕೆಟ್ಟದ್ದು, ವಾಪಸ್ ಕಳಿಸೋಣ.

ಕಳಿಸುವ ಮುನ್ನ ಅದಕ್ಕೆ ಬೇಕಾದಷ್ಟು ಕರೆಂಟು ಸಿಗುತ್ತಿದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು. ಇಂಥ ತೆಳು ಮಾನಿಟರುಗಳಿಗೆ ಗೋಡೆಯ ಪ್ಲಗ್ಗಿಗೆ ಹೋಗುವ ತಮ್ಮದೇ ದಪ್ಪ ವೈರು ಇರುವುದಿಲ್ಲ. ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟಿನಿಂದ ಬರುವ ಸ್ವಲ್ಪ ಕರೆಂಟಿನಲ್ಲೇ ಅವು ಬದುಕಬೇಕು. ಆ ಸ್ವಲ್ಪವೂ ದಾರಿಯಲ್ಲಿ ಸೋರಿಹೋದರೆ ಪರದೆ ಮಂಕಾಗುತ್ತದೆ, ಮಿಣುಕುತ್ತದೆ, ಆರಿ ಹತ್ತುತ್ತದೆ. ಹೀಗಾದಾಗ ಪರದೆಯಲ್ಲಿ ದೋಷ ಇರಬೇಕೆಂದೇನೂ ಇಲ್ಲ. ಮನೆಯಲ್ಲೇ ಇರುವ ಒಂದು ಚಾರ್ಜರು, ಒಂದು ಒಳ್ಳೆಯ ಕೇಬಲ್ ಸಾಕಾಗಬಹುದು. ಎಲ್ಲಿ ಎಷ್ಟು ವ್ಯಾಟ್ ಹೋಗುತ್ತದೆ ಎಂಬ ಲೆಕ್ಕ ಗೊತ್ತಿದ್ದರೆ ಸಾಕು.

ಬೇಕಾಗುವುದೆಷ್ಟು, ಸಿಗುವುದೆಷ್ಟು?

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ 15.6 ಇಂಚಿನ ಫುಲ್ ಎಚ್‌ಡಿ ಎಲ್‌ಸಿಡಿ ಮಾನಿಟರನ್ನೇ ತೆಗೆದುಕೊಳ್ಳಿ. ಪೂರ್ತಿ ಹೊಳಪಿನಲ್ಲಿ ಅದಕ್ಕೆ ಸುಮಾರು 8 ವ್ಯಾಟ್ ಬೇಕು. ಮಾಡೆಲ್ ನೋಡಿಕೊಂಡು ಇದು 6ರಿಂದ 10ರವರೆಗೆ ಇರಬಹುದು; 4ಕೆ ಪರದೆಗೂ ಹೆಚ್ಚು ರಿಫ್ರೆಶ್ ರೇಟಿನ ಪರದೆಗೂ ಇನ್ನೂ ಹೆಚ್ಚು. ಇದರಲ್ಲಿ ದೊಡ್ಡ ಪಾಲು ಚಿತ್ರಕ್ಕೆ ಹೋಗುವುದಿಲ್ಲ, ಚಿತ್ರದ ಹಿಂದೆ ಉರಿಯುವ ಎಲ್‌ಇಡಿ ಬೆಳಕಿಗೆ ಹೋಗುತ್ತದೆ. ಅದಕ್ಕೇ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿದರೆ ಕರೆಂಟಿನ ಬೇಡಿಕೆಯೂ ಚೆನ್ನಾಗಿ ಇಳಿಯುತ್ತದೆ. ಎಲ್‌ಸಿಡಿಯಲ್ಲಿ ಕಪ್ಪು ಚಿತ್ರ ತೋರಿಸಿದರೂ ಹಿಂದಿನ ಬೆಳಕು ಉರಿಯುತ್ತಲೇ ಇರುವುದರಿಂದ ಅದರಿಂದ ಹೇಳಿಕೊಳ್ಳುವಂಥ ಉಳಿತಾಯವಿಲ್ಲ. ಓಲೆಡ್ ಪರದೆಯ ಕಥೆ ಬೇರೆ. ಅಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ. ಹಾಗಾಗಿ ಕಪ್ಪು ಹಿನ್ನೆಲೆಯಲ್ಲಿ ಸರಿಯಾಗಿದ್ದ ಪರದೆ, ಬಿಳಿ ಎಕ್ಸೆಲ್ ಹಾಳೆ ತೆರೆದ ಕೂಡಲೇ ಹೆಚ್ಚು ಕರೆಂಟು ಕೇಳುತ್ತದೆ.

ಈಗ ಕೊಡುವ ಕಡೆ ನೋಡೋಣ. ಹಳೆಯ ಚಪ್ಪಟೆ ಯುಎಸ್‌ಬಿ ಪೋರ್ಟು, ಅಂದರೆ ಪೆನ್‌ಡ್ರೈವ್ ಹಾಕುವ ಟೈಪ್-ಎ, 5 ವೋಲ್ಟ್ ಕೊಡುತ್ತದೆ. ಯುಎಸ್‌ಬಿ 2.0 ನಿಯಮದ ಪ್ರಕಾರ ಅದರಿಂದ ಸಿಗುವ ಖಾತ್ರಿ 500 ಮಿಲಿ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಯುಎಸ್‌ಬಿ 3.0 ಪೋರ್ಟಿನಲ್ಲಿ 900 ಮಿಲಿ ಆಂಪಿಯರ್, ನಾಲ್ಕೂವರೆ ವ್ಯಾಟ್. ಎಷ್ಟೋ ಲ್ಯಾಪ್‌ಟಾಪುಗಳು ಇದಕ್ಕಿಂತ ಸ್ವಲ್ಪ ಹೆಚ್ಚು ಕೊಡುತ್ತವೆ. ಆದರೆ ಅದು ಖಾತ್ರಿಯಲ್ಲ.

2014ರಲ್ಲಿ ಬಂದ, ಹೇಗೆ ತಿರುಗಿಸಿ ಹಾಕಿದರೂ ಕೂರುವ ಟೈಪ್-ಸಿ ಪೋರ್ಟು ಈ ವಿಷಯದಲ್ಲಿ ಉದಾರಿ. 5 ವೋಲ್ಟಿನಲ್ಲೇ ಅದು ಒಂದೂವರೆ ಆಂಪಿಯರ್ ಅಥವಾ 3 ಆಂಪಿಯರ್ ಕೊಡಬಲ್ಲದು, ಅಂದರೆ 7.5 ಅಥವಾ 15 ವ್ಯಾಟ್. ತಾನು ಎಷ್ಟು ಕೊಡಬಲ್ಲೆ ಎಂಬುದನ್ನು ಪೋರ್ಟೇ ಕೇಬಲಿನ ಒಂದು ಸಣ್ಣ ತಂತಿಯ ಮೂಲಕ ಮಾನಿಟರಿಗೆ ತಿಳಿಸುತ್ತದೆ. ಒಳ್ಳೆಯ ಮಾನಿಟರು ಆ ಸೂಚನೆಯನ್ನು ಓದಿ ತನ್ನ ಹೊಳಪನ್ನು ಅಷ್ಟಕ್ಕೇ ಮಿತಿಗೊಳಿಸುತ್ತದೆ. ಬೇರೆ ಚಾರ್ಜರ್ ಸಿಕ್ಕಿಸಿದ ಕೂಡಲೇ ತಾನಾಗಿ ಬೆಳಗುವ ಮಾನಿಟರುಗಳನ್ನು ನೀವು ನೋಡಿರಬಹುದು. ಅಲ್ಲಿ ಮೊದಲಿದ್ದ ಮಂಕು, ಕರೆಂಟು ಕಡಿಮೆ ಇದೆಯೆಂದು ತಿಳಿದು ಮಾನಿಟರೇ ಮಾಡಿಕೊಂಡ ಹೊಂದಾಣಿಕೆ. ಸೂಚನೆಯನ್ನು ಗಮನಿಸದೆ ಬೇಕಾದಷ್ಟು ಎಳೆಯಲು ಹೋಗುವ ಮಾನಿಟರುಗಳಲ್ಲಿ ಮಿಣುಕು ಕಾಣಿಸಿಕೊಳ್ಳುತ್ತದೆ.

ಎಚ್‌ಡಿಎಂಐ ಕೇಬಲಿನ ಬಗ್ಗೆ ಒಂದು ಮಾತು. ಅದು ಚಿತ್ರ ಮತ್ತು ಧ್ವನಿ ತರುವ ಕೇಬಲ್. ಅದರಲ್ಲೂ 5 ವೋಲ್ಟಿನ ಒಂದು ತಂತಿ ಇದೆ, ಆದರೆ ಅದರಿಂದ ಸಿಗುವ ಖಾತ್ರಿ 55 ಮಿಲಿ ಆಂಪಿಯರ್ ಮಾತ್ರ. ಕಾಲು ವ್ಯಾಟಿನ ಆಸುಪಾಸು. ಮಾನಿಟರ್ ನಡೆಸಲು ಅದು ಏನೇನೂ ಸಾಲದು. ಎಚ್‌ಡಿಎಂಐ ಬಳಸುವವರು ಕರೆಂಟಿಗಾಗಿ ಇನ್ನೊಂದು ಕೇಬಲ್ ಹಾಕಲೇಬೇಕು.

ಕೇಬಲಿನಲ್ಲಿ ಸೋರುವ ವೋಲ್ಟು

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ದಾವಣಗೆರೆಯಲ್ಲಿ ಜಿಎಸ್‌ಟಿ ಲೆಕ್ಕ ಬರೆದುಕೊಡುವವರೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಒಂದು ಪರದೆಯಲ್ಲಿ ಟ್ಯಾಲಿ, ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲ್ ಇದ್ದರೆ ಕೆಲಸ ಬೇಗ ಸಾಗುತ್ತದೆಂದು 15.6 ಇಂಚಿನ ಮಾನಿಟರ್ ತರಿಸಿದ್ದಾರೆ. ಅದರ ಅಂಚಿನಲ್ಲಿ ಎರಡು ಟೈಪ್-ಸಿ ಕಿಂಡಿಗಳು, ಒಂದು ಮಿನಿ ಎಚ್‌ಡಿಎಂಐ ಕಿಂಡಿ ಇವೆ. ಅವರ ಲ್ಯಾಪ್‌ಟಾಪು ನಾಲ್ಕೈದು ವರ್ಷ ಹಳೆಯದು. ಅದರಲ್ಲೂ ಟೈಪ್-ಸಿ ಇದೆ, ಆದರೆ ಚಿತ್ರ ಬರುವುದಿಲ್ಲ. ಆಕಾರ ಒಂದೇ ಆದರೂ ಎಲ್ಲ ಟೈಪ್-ಸಿ ಪೋರ್ಟುಗಳು ಚಿತ್ರ ಕಳಿಸುವುದಿಲ್ಲ. ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯ ಇದ್ದರೆ ಮಾತ್ರ ಕಳಿಸುತ್ತವೆ. ಹಾಗಾಗಿ ಅವರು ಚಿತ್ರಕ್ಕೆ ಎಚ್‌ಡಿಎಂಐ ಕೇಬಲ್ ಹಾಕಿ, ಕರೆಂಟಿಗೆ ಲ್ಯಾಪ್‌ಟಾಪಿನ ಟೈಪ್-ಎ ಪೋರ್ಟಿನಿಂದ ಎರಡು ಮೀಟರಿನ ಹಳೆಯ ಮೊಬೈಲ್ ಕೇಬಲ್ ಎಳೆದರು. ಲೋಗೋ ಬಂತು, ಆರಿತು, ಮತ್ತೆ ಬಂತು. ನಾಲ್ಕೂವರೆ ವ್ಯಾಟ್ ಖಾತ್ರಿಯ ಪೋರ್ಟಿನಿಂದ 8 ವ್ಯಾಟ್ ಕೇಳಿದರೆ ಆಗುವುದೇ ಇದು.

ಅವರು ಕೇಬಲನ್ನು ಲ್ಯಾಪ್‌ಟಾಪಿನಿಂದ ತೆಗೆದು ಮೊಬೈಲ್ ಚಾರ್ಜರಿಗೆ ಹಾಕಿದರು. ಚಾರ್ಜರಿನ ಮೇಲೆ `5V⎓2A` ಎಂದಿದೆ, ಅಂದರೆ 10 ವ್ಯಾಟ್. ಬೇಕಾಗಿರುವುದು 8. ಲೆಕ್ಕ ಸರಿಹೋಗಬೇಕು. ಕಡಿಮೆ ಬ್ರೈಟ್‌ನೆಸ್‌ನಲ್ಲಿ ಪರದೆ ನಿಂತಿತು ಕೂಡ. ಆದರೆ ಪೂರ್ತಿ ಏರಿಸಿದಾಗ ಮತ್ತೆ ಮಿಣುಕು. ಎಷ್ಟೋ ಜನ ಕೈಚೆಲ್ಲುವುದು ಇಲ್ಲೇ. ಚಾರ್ಜರಿನಲ್ಲಿ ಸಾಕಷ್ಟು ಇದ್ದೂ ಪರದೆ ನಿಲ್ಲದಿದ್ದರೆ ಮಾನಿಟರೇ ಕೆಟ್ಟಿರಬೇಕು ಎಂದುಕೊಳ್ಳುತ್ತಾರೆ. ನಡುವೆ ಇರುವ ಕೇಬಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಗ್ಗದ ಮೊಬೈಲ್ ಕೇಬಲುಗಳಲ್ಲಿ ಕರೆಂಟು ಒಯ್ಯುವ ತಂತಿ ಕೂದಲಿನ ಹಾಗೆ ಸಣ್ಣಗಿರುತ್ತದೆ. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ಪ್ರತಿರೋಧ. ಕರೆಂಟು ಹೋಗಿ ವಾಪಸ್ಸೂ ಬರಬೇಕಾದ್ದರಿಂದ ಎರಡು ಮೀಟರ್ ಕೇಬಲಿನಲ್ಲಿ ಅದು ನಾಲ್ಕು ಮೀಟರ್ ತಂತಿ ದಾಟುತ್ತದೆ. ಒಟ್ಟು ಪ್ರತಿರೋಧ ಸುಮಾರು 0.85 ಓಮ್. 8 ವ್ಯಾಟಿಗೆ 5 ವೋಲ್ಟಿನಲ್ಲಿ 1.6 ಆಂಪಿಯರ್ ಬೇಕು. ಅಷ್ಟು ಕರೆಂಟು ಹರಿದರೆ ಕೇಬಲಿನಲ್ಲೇ 1.36 ವೋಲ್ಟ್ ಕಳೆದುಹೋಗಿ ಮಾನಿಟರಿಗೆ ತಲುಪುವುದು 3.64 ವೋಲ್ಟ್ ಮಾತ್ರ.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಮಾನಿಟರಿನೊಳಗಿನ ಬೆಳಕಿನ ಸರ್ಕ್ಯೂಟು ವೋಲ್ಟ್ ಕಡಿಮೆಯಾಯಿತೆಂದು ಬೇಡಿಕೆ ಕಡಿಮೆ ಮಾಡುವುದಿಲ್ಲ. ಅದಕ್ಕೆ 8 ವ್ಯಾಟ್ ಬೇಕೇ ಬೇಕು. 3.64 ವೋಲ್ಟಿನಲ್ಲಿ 8 ವ್ಯಾಟ್ ಪಡೆಯಲು ಅದು 2.2 ಆಂಪಿಯರ್ ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ಕೇಬಲಿನಲ್ಲಿ ಹೆಚ್ಚು ಸೋರಿ, ವೋಲ್ಟ್ ಇನ್ನೂ ಕುಸಿಯುತ್ತದೆ. ಹಳ್ಳಿಯಲ್ಲಿ ಲೈನಿನ ಕೊನೆಯಲ್ಲಿರುವ ಪಂಪ್‌ಸೆಟ್ಟಿಗೆ ಆಗುವುದೂ ಇದೇ: ವೋಲ್ಟೇಜ್ ಬಿದ್ದಷ್ಟೂ ಮೋಟಾರು ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ. ಮಾನಿಟರಿನಲ್ಲಿ ಇದು ಅರೆಕ್ಷಣದಲ್ಲಿ ನಡೆದುಹೋಗುತ್ತದೆ. ವೋಲ್ಟ್ ತೀರಾ ಕೆಳಗಿಳಿದಾಗ ಒಳಗಿನ ರಕ್ಷಣಾ ವ್ಯವಸ್ಥೆ ಬೆಳಕನ್ನು ಆರಿಸುತ್ತದೆ. ಬೆಳಕು ಆರಿದೊಡನೆ ಹೊರೆ ಇಳಿದು ವೋಲ್ಟ್ ಮತ್ತೆ 5ರ ಹತ್ತಿರಕ್ಕೆ ಏರುತ್ತದೆ. ವೋಲ್ಟ್ ಸರಿಯಾಯಿತೆಂದು ಬೆಳಕು ಮತ್ತೆ ಹತ್ತುತ್ತದೆ, ಮತ್ತೆ ಕುಸಿಯುತ್ತದೆ. ಕಣ್ಣಿಗೆ ಕಾಣುವ ಮಿಣುಕು ಈ ಹತ್ತಿ ಆರುವ ಚಕ್ರ. 5 ವೋಲ್ಟ್ ಇರುವಾಗ 0.85 ಓಮಿನ ಕೇಬಲಿನಿಂದ ಹೆಚ್ಚೆಂದರೆ ಏಳೂಕಾಲು ವ್ಯಾಟಿನಷ್ಟು ಮಾತ್ರ ಆಚೆ ದಾಟಿಸಬಹುದು. ಹಿಂದೆ ಎಷ್ಟು ದೊಡ್ಡ ಚಾರ್ಜರ್ ಇಟ್ಟರೂ ಅದರಲ್ಲಿ 8 ವ್ಯಾಟ್ ದಾಟುವುದೇ ಇಲ್ಲ.

ಈಗ ಅದೇ ಚಾರ್ಜರಿಗೆ ಒಂದು ಮೀಟರಿನ, 24 ಗೇಜ್ ತಂತಿಯ ಕೇಬಲ್ ಹಾಕಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ ಎಂಬುದು ನೆನಪಿರಲಿ. ಹೋಗಿ ಬರುವ ಎರಡು ಮೀಟರಿಗೆ ಪ್ರತಿರೋಧ ಸುಮಾರು 0.17 ಓಮ್. ಮಾನಿಟರಿಗೆ 4.7 ವೋಲ್ಟ್ ತಲುಪುತ್ತದೆ, ಅದು 1.7 ಆಂಪಿಯರ್ ಎಳೆದು ಪೂರ್ತಿ ಹೊಳಪಿನಲ್ಲಿ ನೆಮ್ಮದಿಯಾಗಿ ಉರಿಯುತ್ತದೆ. ಚಾರ್ಜರ್ ಅದೇ, ಮಾನಿಟರ್ ಅದೇ. ಬದಲಾದದ್ದು ಕೇಬಲ್ ಒಂದೇ.

ತಂತಿಯ ದಪ್ಪ ತಿಳಿಯಲು ಕೇಬಲನ್ನು ಬೆಳಕಿಗೆ ಹಿಡಿದು ಅದರ ಮೈಮೇಲಿನ ಸಣ್ಣ ಅಕ್ಷರ ಓದಿ. ಎಷ್ಟೋ ಯುಎಸ್‌ಬಿ ಕೇಬಲುಗಳ ಮೇಲೆ `28AWG/1P 24AWG/2C` ಎಂಬಂಥ ಬರಹ ಇರುತ್ತದೆ. ಮೊದಲನೆಯದು ಮಾಹಿತಿ ಒಯ್ಯುವ ಜೋಡಿ ತಂತಿಯ ಗೇಜ್, `2C` ಜೊತೆಗಿರುವುದು ಕರೆಂಟು ಒಯ್ಯುವ ಎರಡು ತಂತಿಗಳ ಗೇಜ್. ನಮಗೆ ಬೇಕಾದದ್ದು ಎರಡನೆಯದು. ಅಲ್ಲಿ 24 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆ ಇದ್ದರೆ ಒಳ್ಳೆಯದು. 28 ಇದ್ದರೆ ಮಾನಿಟರಿಗೆ ಬೇಡ. ಏನೂ ಬರೆಯದ ಕೇಬಲ್ ಆದರೆ ಗಿಡ್ಡದ್ದನ್ನೇ ಆರಿಸಿಕೊಳ್ಳಿ.

ತೊಂದರೆ ಕರೆಂಟಿನದ್ದೇ ಎಂದು ತಿಳಿಯುವುದು ಹೇಗೆ?

ಪರದೆ ಮಿಣುಕಲು ಬೇರೆ ಕಾರಣಗಳೂ ಇರುತ್ತವೆ. ಅವನ್ನು ಬೇರ್ಪಡಿಸಲು ಉಪಕರಣ ಬೇಕಿಲ್ಲ, ಬ್ರೈಟ್‌ನೆಸ್ ಗುಂಡಿ ಸಾಕು. ಬ್ರೈಟ್‌ನೆಸ್ ಮತ್ತು ಧ್ವನಿ ಎರಡನ್ನೂ ಕಾಲು ಭಾಗಕ್ಕೆ ಇಳಿಸಿ. ಮಿಣುಕು ನಿಂತು, ಏರಿಸಿದಾಗ ಮತ್ತೆ ಬಂದರೆ ಕರೆಂಟು ಸಾಲುತ್ತಿಲ್ಲ ಎಂದೇ ಅರ್ಥ. ಹಾಡಿನ ದೊಡ್ಡ ಸದ್ದು ಬಂದಾಗಲೆಲ್ಲ ಪರದೆ ಹಾರಿದರೂ ಅದೇ ಕಾರಣ, ಏಕೆಂದರೆ ಒಳಗಿನ ಸ್ಪೀಕರುಗಳೂ ಅದೇ ಕೇಬಲಿನಿಂದ ಕರೆಂಟು ಎಳೆಯುತ್ತವೆ.

ಇದಕ್ಕೆ ತದ್ವಿರುದ್ಧವಾಗಿ, ಕಡಿಮೆ ಹೊಳಪಿನಲ್ಲಿ ಮಿಣುಕಿದಂತೆ ಕಂಡು ಹೊಳಪು ಏರಿಸಿದರೆ ಸರಿಹೋಗುವ ಪರದೆಗಳೂ ಇವೆ. ಅವುಗಳಲ್ಲಿ ಹಿಂದಿನ ಬೆಳಕನ್ನು ವೇಗವಾಗಿ ಹತ್ತಿಸಿ ಆರಿಸುವ ಮೂಲಕ ಹೊಳಪು ತಗ್ಗಿಸುತ್ತಾರೆ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಪರದೆಯ ಮೇಲೆ ಅಡ್ಡ ಪಟ್ಟೆಗಳು ಸರಿಯುವುದು ಕಾಣಬಹುದು. ಇದು ಆ ಮಾಡೆಲಿನ ಗುಣ. ಚಾರ್ಜರ್ ಬದಲಿಸಿದರೆ ಹೋಗುವುದಿಲ್ಲ. ಚಿತ್ರದಲ್ಲಿ ಕತ್ತಲು ದೃಶ್ಯ ಬಂದಾಗ ಪರದೆಯೂ ಮಂಕಾಗಿ, ಬೆಳಕಿನ ದೃಶ್ಯ ಬಂದಾಗ ಹೊಳಪು ಏರಿದರೆ ಮಾನಿಟರಿನ ಮೆನುವಿನಲ್ಲಿ `DCR` ಎಂಬುದು ಆನ್ ಆಗಿರಬಹುದು. ಅದನ್ನು ಆಫ್ ಮಾಡಿ.

ಇನ್ನೊಂದು ಸುಲಭದ ಗುರುತು, ಪರದೆ ಹೋಗಿ ಬಂದಾಗ ಮೊದಲು ಏನು ಕಾಣುತ್ತದೆ ಎಂಬುದು. ಕಂಪನಿಯ ಲೋಗೋ ಮತ್ತೆ ಮೂಡಿದರೆ ಮಾನಿಟರ್ ಪೂರ್ತಿ ಆರಿ ಹೊಸದಾಗಿ ಹತ್ತಿದೆ ಎಂದರ್ಥ, ಅಂದರೆ ಕರೆಂಟು ಕಡಿದಿದೆ. ಲೋಗೋ ಇಲ್ಲದೆ, ಹಿಂದಿನ ಬೆಳಕು ಉರಿಯುತ್ತಲೇ ಇದ್ದು `No Signal` ಎಂದು ಬಂದರೆ ಕಡಿದದ್ದು ಚಿತ್ರದ ಸಿಗ್ನಲ್. ಬಣ್ಣಬಣ್ಣದ ಚುಕ್ಕೆಗಳು ಮಿಂಚುವುದು, ಚಿತ್ರ ಅಲ್ಲಲ್ಲಿ ಹರಿದಂತೆ ಕಾಣುವುದು ಕೂಡ ಸಿಗ್ನಲಿನ ತೊಂದರೆ. ಆಗ ಚಿತ್ರದ ಕೇಬಲ್ ಬದಲಿಸಿ ನೋಡಬೇಕು. ವಿಂಡೋಸ್ 11ರಲ್ಲಿ `Settings > System > Display > Advanced display` ಒಳಗೆ ಹೋಗಿ ರಿಫ್ರೆಶ್ ರೇಟನ್ನು 60ಕ್ಕೆ ಇಳಿಸಿ ನೋಡಬಹುದು. ಮಾನಿಟರ್ ಸಿಕ್ಕಿಸಿದಾಗ ವಿಂಡೋಸ್ ಪರದೆಯ ಮೂಲೆಯಲ್ಲಿ `Power surge on the USB port` ಎಂಬ ಎಚ್ಚರಿಕೆ ಬಂದರೆ ಹೆಚ್ಚು ಯೋಚಿಸಬೇಕಿಲ್ಲ. ಪೋರ್ಟು ಕೊಡುವುದಕ್ಕಿಂತ ಹೆಚ್ಚು ಎಳೆದದ್ದಕ್ಕೆ ಲ್ಯಾಪ್‌ಟಾಪೇ ಆ ಪೋರ್ಟನ್ನು ಬಂದ್ ಮಾಡಿದೆ.

ಅಂಕಿಯಲ್ಲೇ ನೋಡಬೇಕು ಎನ್ನುವವರಿಗೆ ಬೆರಳುದ್ದದ ಯುಎಸ್‌ಬಿ ಮೀಟರುಗಳು ಸಿಗುತ್ತವೆ. ಅದನ್ನು ಚಾರ್ಜರಿನ ಕಡೆಗೆ ಹಾಕಿದರೆ ಯಾವಾಗಲೂ 5 ವೋಲ್ಟಿನ ಆಸುಪಾಸೇ ತೋರಿಸುತ್ತದೆ, ಪ್ರಯೋಜನವಿಲ್ಲ. ಕರೆಂಟಿನ ಕೇಬಲು ಮಾನಿಟರಿಗೆ ಸೇರುವ ತುದಿಯಲ್ಲಿ ಹಾಕಿ ಬ್ರೈಟ್‌ನೆಸನ್ನು ನಿಧಾನವಾಗಿ ಏರಿಸಿ. 4.7 ವೋಲ್ಟಿನ ಆಸುಪಾಸಿನಲ್ಲಿ ನಿಂತರೆ ಚೆನ್ನ. 4.4ಕ್ಕಿಂತ ಕೆಳಗೆ ಜಾರಿದರೆ ಕೇಬಲ್ ಬದಲಿಸುವುದು ಒಳ್ಳೆಯದು. ಒಂದೇ ಟೈಪ್-ಸಿ ಕೇಬಲಿನಲ್ಲಿ ಚಿತ್ರವೂ ಕರೆಂಟೂ ಬರುತ್ತಿದ್ದರೆ ಅದರ ನಡುವೆ ಸಾಮಾನ್ಯ ಮೀಟರ್ ಹಾಕಬೇಡಿ. ಹೆಚ್ಚಿನ ಅಗ್ಗದ ಮೀಟರುಗಳು ಚಿತ್ರದ ತಂತಿಗಳನ್ನು ದಾಟಿಸುವುದಿಲ್ಲ. ಚಿತ್ರ ಹೋದದ್ದು ಮೀಟರಿನಿಂದಲೋ ಮಾನಿಟರಿನಿಂದಲೋ ತಿಳಿಯದೆ ಗೊಂದಲವಾಗುತ್ತದೆ.

ಚಿತ್ರಕ್ಕೊಂದು ಕೇಬಲ್, ಕರೆಂಟಿಗೊಂದು ಕೇಬಲ್

ಪರಿಹಾರಕ್ಕೆ ಕಾಸು ಖರ್ಚಿಲ್ಲದ ಕಡೆಯಿಂದ ಶುರು ಮಾಡೋಣ. ನಡುವೆ ಯುಎಸ್‌ಬಿ ಹಬ್ ಅಥವಾ ಎಕ್ಸ್‌ಟೆನ್ಷನ್ ಇದ್ದರೆ ತೆಗೆದು ಮಾನಿಟರನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ. ತನ್ನದೇ ಚಾರ್ಜರ್ ಇಲ್ಲದ ಹಬ್, ಒಂದು ಪೋರ್ಟಿನ ಕರೆಂಟನ್ನೇ ಮೌಸ್, ಪೆನ್‌ಡ್ರೈವ್, ಮಾನಿಟರ್ ಎಲ್ಲಕ್ಕೂ ಹಂಚುತ್ತದೆ. ಲ್ಯಾಪ್‌ಟಾಪಿನಲ್ಲಿ ಎರಡು ಟೈಪ್-ಸಿ ಇದ್ದರೆ ಎರಡರಲ್ಲೂ ಹಾಕಿ ನೋಡಿ. ಪಕ್ಕದಲ್ಲಿ ಮಿಂಚಿನ ಗುರುತಿರುವ ಥಂಡರ್‌ಬೋಲ್ಟ್ ಪೋರ್ಟು ಇದ್ದರೆ ಅದನ್ನೇ ಬಳಸಿ. ಥಂಡರ್‌ಬೋಲ್ಟ್ 3 ಮತ್ತು 4 ಪೋರ್ಟುಗಳು 15 ವ್ಯಾಟ್ ಕೊಡುವಂಥವು, ಚಿತ್ರವನ್ನೂ ಕಳಿಸುತ್ತವೆ. ಲ್ಯಾಪ್‌ಟಾಪಿನ ಚಾರ್ಜರ್ ಹಾಕಿಯೂ ನೋಡಿ. ಕೆಲವು ಲ್ಯಾಪ್‌ಟಾಪುಗಳು ಬ್ಯಾಟರಿಯಲ್ಲಿ ನಡೆಯುವಾಗ ಪೋರ್ಟಿಗೆ ಕೊಡುವುದನ್ನು ಕಡಿಮೆ ಮಾಡುತ್ತವೆ.

ಇಷ್ಟಾದರೂ ಆಗದಿದ್ದರೆ, ಮಾನಿಟರಿಗೆ ಕರೆಂಟು ಬೇರೆ ಕಡೆಯಿಂದ ಕೊಡುವುದೇ ಶಾಶ್ವತ ದಾರಿ. ಎರಡು ಟೈಪ್-ಸಿ ಕಿಂಡಿ ಇಟ್ಟಿರುವುದು ಇದಕ್ಕೂ ಉಪಯೋಗವಾಗಲೆಂದೇ. ಒಂದರಲ್ಲಿ ಲ್ಯಾಪ್‌ಟಾಪಿನಿಂದ ಚಿತ್ರ, ಇನ್ನೊಂದರಲ್ಲಿ ಗೋಡೆಯ ಚಾರ್ಜರಿನಿಂದ ಕರೆಂಟು. ಕೆಲವು ಮಾಡೆಲುಗಳಲ್ಲಿ ಒಂದು ಕಿಂಡಿ ಕರೆಂಟಿಗೆ ಮಾತ್ರ ಮೀಸಲು. ಪಕ್ಕದ ಬರಹ ಅಥವಾ ಕೈಪಿಡಿ ನೋಡಿ ತಿಳಿದುಕೊಳ್ಳಿ. ಚಾರ್ಜರಿನ ಆಯ್ಕೆಗೆ ಎರಡು ಚೀಟಿ ಓದಬೇಕು. ಮಾನಿಟರಿನ ಬೆನ್ನಿನ ಮೇಲೋ ಕೈಪಿಡಿಯಲ್ಲೋ `5V⎓3A` ಎಂದಿದ್ದರೆ ಚಾರ್ಜರಿನ `Output` ಸಾಲಿನಲ್ಲೂ `5V⎓3A` ಇರಬೇಕು. ಪೆಟ್ಟಿಗೆಯ ಮೇಲೆ 33 ವ್ಯಾಟ್, 65 ವ್ಯಾಟ್ ಎಂದು ದೊಡ್ಡದಾಗಿ ಬರೆದಿದ್ದರೂ ಎಷ್ಟೋ ಮೊಬೈಲ್ ಚಾರ್ಜರುಗಳು ಆ ವೇಗವನ್ನು ಕೊಡುವುದು ತಮ್ಮದೇ ಕಂಪನಿಯ ಫೋನಿಗೆ ಮಾತ್ರ. ಬೇರೆ ಉಪಕರಣಕ್ಕೆ 5 ವೋಲ್ಟಿನಲ್ಲಿ 2 ಆಂಪಿಯರ್ ಅಷ್ಟೇ ಕೊಡುವುದುಂಟು. ಸಣ್ಣ ಅಕ್ಷರದ ಸಾಲೇ ನಿಜ ಹೇಳುವುದು.

ಯುಎಸ್‌ಬಿ ಪವರ್ ಡೆಲಿವರಿ, ಅಂದರೆ ಪಿಡಿ ಎಂದು ಬರೆದ ಟೈಪ್-ಸಿ ಚಾರ್ಜರ್ ಇದ್ದರೆ ಇನ್ನೂ ಒಳ್ಳೆಯದು. 30 ವ್ಯಾಟಿನ ಪಿಡಿ ಚಾರ್ಜರಿನಲ್ಲಿ 5 ವೋಲ್ಟಿಗೆ 3 ಆಂಪಿಯರ್ ಇದ್ದೇ ಇರುತ್ತದೆ. ಮಾನಿಟರಿಗೂ ಪಿಡಿ ತಿಳಿದಿದ್ದರೆ ಎರಡೂ ಮಾತಾಡಿಕೊಂಡು 9 ವೋಲ್ಟ್, 15 ವೋಲ್ಟ್ ಅಥವಾ 20 ವೋಲ್ಟಿಗೆ ಏರುತ್ತವೆ. ಇದರ ಲಾಭವನ್ನು ಹಿಂದಿನ ಲೆಕ್ಕದಲ್ಲೇ ನೋಡಬಹುದು. 20 ವೋಲ್ಟಿನಲ್ಲಿ 8 ವ್ಯಾಟಿಗೆ ಬೇಕಾದದ್ದು 0.4 ಆಂಪಿಯರ್ ಮಾತ್ರ. 0.85 ಓಮಿನಷ್ಟು ಕೆಟ್ಟ ಕೇಬಲಿನಲ್ಲೂ ಆಗ ಕಳೆದುಹೋಗುವುದು ಸುಮಾರು ಮೂರನೇ ಒಂದು ವೋಲ್ಟ್, ಅದೂ ಇಪ್ಪತ್ತರಲ್ಲಿ. 5 ವೋಲ್ಟಿನಲ್ಲಿ ದಾಟಲೇ ಆಗದ 8 ವ್ಯಾಟು ಇಲ್ಲಿ ಸಲೀಸಾಗಿ ದಾಟುತ್ತದೆ. ಊರಿಂದೂರಿಗೆ ವಿದ್ಯುತ್ತನ್ನು ಹೆಚ್ಚು ವೋಲ್ಟೇಜಿನಲ್ಲಿ ಸಾಗಿಸುವುದಕ್ಕೂ ಇದೇ ಕಾರಣ.

ಟೈಪ್-ಸಿಯಿಂದಲೇ ಚಾರ್ಜ್ ಆಗುವ ಲ್ಯಾಪ್‌ಟಾಪು ಇದ್ದವರಿಗೆ ಇನ್ನೊಂದು ಅನುಕೂಲವಿದೆ. ಎಷ್ಟೋ ಮಾನಿಟರುಗಳಲ್ಲಿ ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರನ್ನು ಮಾನಿಟರಿನ ಒಂದು ಕಿಂಡಿಗೆ ಹಾಕಿ, ಇನ್ನೊಂದು ಕಿಂಡಿಯಿಂದ ಲ್ಯಾಪ್‌ಟಾಪಿಗೆ ಕೇಬಲ್ ಕೊಡಬಹುದು. ಮಾನಿಟರ್ ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಲ್ಯಾಪ್‌ಟಾಪಿಗೆ ಸಾಗಿಸುತ್ತದೆ, ಅದೇ ಕೇಬಲಿನಲ್ಲಿ ಚಿತ್ರ ಈಚೆ ಬರುತ್ತದೆ. ಮಾನಿಟರ್ ಸ್ವಲ್ಪ ಹೆಚ್ಚುವರಿಯನ್ನೂ ಕಾಯ್ದಿರಿಸಿಕೊಳ್ಳುವುದರಿಂದ ಲ್ಯಾಪ್‌ಟಾಪಿಗೆ 65ರ ಬದಲು 45–50 ವ್ಯಾಟ್ ಸಿಗಬಹುದು. ಕಚೇರಿ ಕೆಲಸಕ್ಕೆ ಅಷ್ಟು ಸಾಕು. ಹೀಗೆ ಜೋಡಿಸಿರುವಾಗ ಚಾರ್ಜರನ್ನು ಹಾಕಿದಾಗ ಅಥವಾ ತೆಗೆದಾಗ ಪರದೆ ಒಂದೆರಡು ಸೆಕೆಂಡು ಕಪ್ಪಾಗುವುದು ಸಹಜ. ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಉಪಕರಣಗಳು ಹೊಸದಾಗಿ ತೀರ್ಮಾನಿಸುವ ಸಮಯ ಅದು. ಒಮ್ಮೆ ಮಾತ್ರ ಹಾಗಾದರೆ ಚಿಂತೆ ಬೇಡ.

ಇಲ್ಲಿ ಬಳಸುವ ಚಿತ್ರದ ಕೇಬಲ್ ಬಗ್ಗೆಯೂ ಎಚ್ಚರ ಬೇಕು. ಫೋನಿನ ಜೊತೆ ಬರುವ ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ ಸಾಮಾನ್ಯವಾಗಿ ಚಾರ್ಜಿಗಷ್ಟೇ ಮಾಡಿದ್ದು. ಅದರಲ್ಲಿ ಚಿತ್ರ ಒಯ್ಯುವ ತಂತಿಗಳೇ ಇರುವುದಿಲ್ಲ. ಮಾನಿಟರಿನ ಡಬ್ಬಿಯಲ್ಲಿ ಬಂದ ಗಿಡ್ಡ, ದಪ್ಪ ಕೇಬಲನ್ನು ಚಿತ್ರಕ್ಕೆ ಎತ್ತಿಟ್ಟುಕೊಳ್ಳಿ. ಕರೆಂಟಿಗೆ ಮಾತ್ರ ಬೇರೆಯದನ್ನು ಬಳಸಿ.

ಕರೆಂಟು ಹೋದಾಗ

ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಬೇಕು. 50 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪು ಬರವಣಿಗೆ, ಬ್ರೌಸಿಂಗಿನಂಥ ಕೆಲಸದಲ್ಲಿ 10 ವ್ಯಾಟ್ ಬಳಸಿದರೆ ಐದು ಗಂಟೆ ಬರುತ್ತದೆ. ಅದರಿಂದಲೇ 8 ವ್ಯಾಟಿನ ಮಾನಿಟರನ್ನೂ ನಡೆಸಿದರೆ, ದಾರಿಯ ನಷ್ಟ ಸೇರಿಸಿ ಒಟ್ಟು 19 ವ್ಯಾಟಿನಷ್ಟಾಗಿ ಎರಡೂವರೆ ಗಂಟೆಯ ಆಸುಪಾಸಿಗೆ ಬ್ಯಾಟರಿ ಬರಿದಾಗುತ್ತದೆ. ಎರಡನೇ ಪರದೆ ಲ್ಯಾಪ್‌ಟಾಪಿನ ಆಯುಸ್ಸನ್ನು ಹೆಚ್ಚುಕಡಿಮೆ ಅರ್ಧ ತಿನ್ನುತ್ತದೆ ಎಂದಾಯಿತು.

ಆಗ ಮಾನಿಟರನ್ನು ಪವರ್ ಬ್ಯಾಂಕಿಗೆ ಸಾಗಹಾಕಿ. 10,000 ಮಿಲಿ ಆಂಪಿಯರ್-ಅವರ್ ಎಂದು ಬರೆದ ಪವರ್ ಬ್ಯಾಂಕಿನೊಳಗಿನ ಸೆಲ್ಲು 3.7 ವೋಲ್ಟಿನದ್ದು, ಅಂದರೆ 37 ವ್ಯಾಟ್-ಅವರ್. ವೋಲ್ಟ್ ಏರಿಸುವಾಗಿನ ನಷ್ಟ ಕಳೆದರೆ 30ರಷ್ಟು ಕೈಗೆ ಸಿಗುತ್ತದೆ. ಬ್ರೈಟ್‌ನೆಸ್ ಸ್ವಲ್ಪ ಇಳಿಸಿ 6 ವ್ಯಾಟಿನಲ್ಲಿ ನಡೆಸಿದರೆ ಐದು ಗಂಟೆ, ಪೂರ್ತಿ ಹೊಳಪಿನಲ್ಲಿ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ. ಇಲ್ಲೂ ಅದೇ ಮಾತು: ಪವರ್ ಬ್ಯಾಂಕಿನ `Output` ಸಾಲಿನಲ್ಲಿ 5 ವೋಲ್ಟಿಗೆ 3 ಆಂಪಿಯರ್ ಇರಲಿ, ಕೇಬಲ್ ಗಿಡ್ಡ ಇರಲಿ. ಕೇಬಲಿನ ತಲೆ ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದರೆ, ಅಥವಾ ಕೈತಾಕಿದರೆ ಪರದೆ ಹಾರುವಷ್ಟು ಕಿಂಡಿ ಸಡಿಲವಾಗಿದ್ದರೆ ಬಳಕೆ ನಿಲ್ಲಿಸಿ. ಸಡಿಲ ಸಂಪರ್ಕವೂ ಒಂದು ಪ್ರತಿರೋಧವೇ, ಅಲ್ಲಿ ಕಳೆದುಹೋದ ವ್ಯಾಟೆಲ್ಲ ಶಾಖವಾಗುತ್ತದೆ.

ಕೊಂಡ ಮಾನಿಟರ್ ಮಿಣುಕುತ್ತಿದ್ದರೆ ವಾಪಸಾತಿಯ ಅವಧಿ ಮುಗಿಯುವುದರೊಳಗೆ ಇದೊಂದು ಪರೀಕ್ಷೆ ಮಾಡಿ: 5 ವೋಲ್ಟಿಗೆ 3 ಆಂಪಿಯರ್ ಕೊಡುವ ಚಾರ್ಜರಿನಿಂದ, ಒಂದು ಮೀಟರಿಗಿಂತ ಉದ್ದವಿಲ್ಲದ ದಪ್ಪ ಕೇಬಲಿನಲ್ಲಿ ಕರೆಂಟು ಕೊಟ್ಟು, ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಅರ್ಧ ಗಂಟೆ ಬಿಳಿ ಪರದೆ ಇಟ್ಟು ನೋಡಿ. ನೆಟ್ಟಗೆ ನಿಂತರೆ ಮಾನಿಟರ್ ಚೆನ್ನಾಗಿದೆ, ಇಟ್ಟುಕೊಳ್ಳಿ. ಅಷ್ಟು ಕೊಟ್ಟ ಮೇಲೂ ಲೋಗೋ ಹೋಗಿ ಬಂದರೆ ಹೆಚ್ಚು ತಲೆಕೆಡಿಸಿಕೊಳ್ಳದೆ ವಾಪಸ್ ಕಳಿಸಿ.